ಸ್ಕ್ರೀನ್‌ಶಾಟ್ ಕಳಿಸಿ ‘ಇದು ಅಸಲಿಯಾ?’ ಎಂದು ಕೇಳುವವರಿಗೆ

ಕೊಡಗಿನಲ್ಲಿ ಕಂಪ್ಯೂಟರ್, ನೆಟ್‌ವರ್ಕ್ ಕೆಲಸ ಮಾಡುವ ನನ್ನಂಥವರ ವಾಟ್ಸಾಪ್‌ಗೆ ದಿನಾ ಏನಾದರೊಂದು ಸ್ಕ್ರೀನ್‌ಶಾಟ್ ಬರುತ್ತದೆ. ಈಚೆಗೆ ಅದರಲ್ಲಿ ಒಂದು ಬಗೆ ಜಾಸ್ತಿಯಾಗಿದೆ. ಜರ್ಮನ್, ಅರೇಬಿಕ್, ಜಪಾನಿ ಭಾಷೆಯಲ್ಲಿ ಒಂದು ಎಚ್ಚರಿಕೆ, ಕೆಂಪು ಗುರುತು, ಕೆಳಗೊಂದು ನೀಲಿ ಬಟನ್. ಜೊತೆಗೆ ಒಂದೇ ಪ್ರಶ್ನೆ: ‘ಇದು ಅಸಲಿಯಾ, ಫೇಕಾ?’ ಮಕ್ಕಳು ಹೊರದೇಶದಲ್ಲಿರುವ ಮನೆಗಳಿಂದ, ವಿದೇಶಿ ಅತಿಥಿಗಳು ಬರುವ ಹೋಂಸ್ಟೇಗಳಿಂದ ಇದು ಬರುವುದು ಹೆಚ್ಚು.

ಹತ್ತು ನಿಮಿಷ ಉತ್ತರ ಕೊಡದಿದ್ದರೆ ಅದೇ ಚಿತ್ರ ಫ್ಯಾಮಿಲಿ ಗ್ರೂಪಿಗೆ ಹೋಗಿರುತ್ತದೆ. ಅಲ್ಲಿ ಯಾರೋ ಒಬ್ಬರು ‘ಬೇರೆ ಭಾಷೆಯಲ್ಲಿದೆ, ಖಂಡಿತ ಫ್ರಾಡ್’ ಅಂದಿರುತ್ತಾರೆ. ಇನ್ನೊಬ್ಬರು ‘ಗೂಗಲ್ ಲೋಗೋ ಇದೆ, ಅಸಲಿ’ ಅಂದಿರುತ್ತಾರೆ. ಎರಡೂ ಮಾತಿಗೆ ಅರ್ಥವಿಲ್ಲ.

ನಾನು ಹೇಳಿ ಹೇಳಿ ಸುಸ್ತಾದ ವಿಷಯ ಒಂದೇ. ಚಿತ್ರ ನೋಡಿ ಕೆಲವು ಸಲ ‘ಇದು ಮೋಸ’ ಎಂದು ಹೇಳಬಹುದು. ‘ಇದು ಅಸಲಿ’ ಎಂದು ಚಿತ್ರ ನೋಡಿ ಹೇಳಲು ಯಾರಿಂದಲೂ ಆಗುವುದಿಲ್ಲ. ಲೋಗೋ, ಬಣ್ಣ, ಅಕ್ಷರ ಎಲ್ಲವನ್ನೂ ಅಸಲಿ ಮೇಲ್‌ನಿಂದಲೇ ನಕಲು ಮಾಡಬಹುದು. ಬಟನ್‌ನ ಮೇಲೆ ಬರೆದದ್ದು ಮಾತ್ರ ಚಿತ್ರದಲ್ಲಿ ಕಾಣುತ್ತದೆ, ಅದು ಎಲ್ಲಿಗೆ ಕರೆದೊಯ್ಯುತ್ತದೆ ಎನ್ನುವುದು ಕಾಣುವುದಿಲ್ಲ. ಎಚ್ಚರಿಕೆ ನಿಜವೋ ಅಲ್ಲವೋ ಎಂಬ ಉತ್ತರ ಇರುವುದು ನಿಮ್ಮ ಖಾತೆಯ ಒಳಗೆ.

ನಾಪೋಕ್ಲು ಕಡೆ ಹೋಂಸ್ಟೇ ನಡೆಸುವ ಅಕ್ಕ ಒಬ್ಬರ ವಿಷಯ ಹೇಳುತ್ತೇನೆ. ಜುಲೈ ತಿಂಗಳು, ಜೋರು ಮಳೆ, ಕರೆಂಟಿಲ್ಲ. ರಾತ್ರಿ ಅವರ ಜಿಮೇಲ್‌ಗೆ ಒಂದು ಎಚ್ಚರಿಕೆ ಬಂತು. ತಲೆಬರಹ Sicherheitswarnung. ಕೆಳಗಿನ ಬಟನ್‌ನಲ್ಲಿ Aktivitäten prüfen. ಮೊಬೈಲ್ ಕ್ಯಾಮೆರಾದಿಂದ ಅನುವಾದ ಮಾಡಿ ನೋಡಿದರಂತೆ. ಹೊಸ ಸಾಧನದಲ್ಲಿ ಯಾರೋ ಲಾಗಿನ್ ಆಗಿದ್ದಾರೆ, ನೀವಲ್ಲದಿದ್ದರೆ ಪರಿಶೀಲಿಸಿ ಎಂದಿತ್ತು. ಸ್ಕ್ರೀನ್‌ಶಾಟ್ ತೆಗೆದು, ಮೇಲಿನ ಕೆಳಗಿನ ಭಾಗವನ್ನು ಕತ್ತರಿಸಿ, ಚೆಂದ ಮಾಡಿ ನನಗೆ ಕಳಿಸಿದರು. ಈ ಕತ್ತರಿಸುವ ಅಭ್ಯಾಸ ಯಾರು ಕಲಿಸಿದರೋ ಗೊತ್ತಿಲ್ಲ. ಬೇಕಾದದ್ದೆಲ್ಲ ಆ ಅಂಚಿನಲ್ಲೇ ಇರುತ್ತದೆ.

‘ಅಕ್ಕಾ, ಆ ಬಟನ್ ಮುಟ್ಟಬೇಡಿ. ಮೇಲ್ ಮುಚ್ಚಿ. ಬ್ರೌಸರ್ ತೆಗೆದು ನೀವೇ myaccount.google.com ಅಂತ ಟೈಪ್ ಮಾಡಿ’ ಎಂದೆ. ಅಲ್ಲಿ Security ಎಂದು ಶುರುವಾಗುವ ಭಾಗಕ್ಕೆ ಹೋದರೆ ಇತ್ತೀಚಿನ ಭದ್ರತಾ ಚಟುವಟಿಕೆಗಳ ಪಟ್ಟಿ ಇರುತ್ತದೆ. ಕಳೆದ 28 ದಿನಗಳಲ್ಲಿ ಎಲ್ಲಿ ಹೊಸದಾಗಿ ಲಾಗಿನ್ ಆಯಿತು, ಯಾವಾಗ ಪಾಸ್‌ವರ್ಡ್ ಬದಲಾಯಿತು ಎಲ್ಲ ಅಲ್ಲಿ ಬರುತ್ತದೆ. ಮೇಲ್‌ನಲ್ಲಿ ಹೇಳಿದ ಘಟನೆ ಅದೇ ಹೊತ್ತಿಗೆ ಅಲ್ಲೂ ಇದ್ದರೆ ಎಚ್ಚರಿಕೆ ನಿಜ. ಮೇಲ್ ಯಾವ ಭಾಷೆಯಲ್ಲಿದ್ದರೂ ಈ ಪಟ್ಟಿಯನ್ನು ನಿಮ್ಮ ಭಾಷೆಯಲ್ಲೇ ಓದಬಹುದು.

ಅವರ ಪಟ್ಟಿಯಲ್ಲಿ ಏನೂ ಇರಲಿಲ್ಲ.

ಹಾಗಾದರೆ ಫೇಕ್ ಅಂತ ಮುಗಿಸಿಬಿಡಬಹುದಿತ್ತು ಅಲ್ವಾ? ಬಹಳ ಜನ ಮುಗಿಸುವುದು ಇಲ್ಲೇ. ಆದರೆ ಪಟ್ಟಿ ಖಾಲಿ ಇದ್ದರೆ ಅದರಿಂದ ಗೊತ್ತಾಗುವುದು ಇಷ್ಟೇ: ಈ ಖಾತೆಯಲ್ಲಿ ಅಂಥದ್ದು ನಡೆದಿಲ್ಲ. ಎಚ್ಚರಿಕೆ ಯಾವ ಖಾತೆಯ ಬಗ್ಗೆ ಎಂಬುದು ಇನ್ನೂ ಗೊತ್ತಾಗಿಲ್ಲ. ಕತ್ತರಿಸದ ಚಿತ್ರ ಕಳಿಸಿ ಎಂದೆ. ಅದರಲ್ಲಿ ಎರಡು ಇಮೇಲ್ ವಿಳಾಸಗಳಿದ್ದವು. ಇದು ಮಗಳ ಖಾತೆಗೆ ಹೋದ ಎಚ್ಚರಿಕೆಯ ಪ್ರತಿ, ಆ ಖಾತೆಗೆ ನಿಮ್ಮದು ರಿಕವರಿ ವಿಳಾಸ ಎಂದು ಜರ್ಮನ್‌ನಲ್ಲಿ ಬರೆದಿತ್ತು. ಮಗಳು ಜರ್ಮನಿಯಲ್ಲಿ ನರ್ಸ್. ಹಿಂದೆ ಯಾವಾಗಲೋ ಪಾಸ್‌ವರ್ಡ್ ಮರೆತರೆ ಇರಲಿ ಎಂದು ಅಮ್ಮನ ಮೇಲ್ ಐಡಿ ಕೊಟ್ಟಿದ್ದಳು. ಅಲ್ಲಿಗೆ ಹೋದ ಮೇಲೆ ತನ್ನ ಖಾತೆಯ ಭಾಷೆಯನ್ನು ಜರ್ಮನ್ ಮಾಡಿಕೊಂಡಿದ್ದಳು. ಖಾತೆಯ ಭಾಷೆ ಯಾವುದೋ ಗೂಗಲ್ ಸಾಮಾನ್ಯವಾಗಿ ಅದೇ ಭಾಷೆಯಲ್ಲಿ ಬರೆಯುತ್ತದೆ. ಓದುವ ಅಮ್ಮ ನಾಪೋಕ್ಲಿನಲ್ಲಿದ್ದಾರೆ ಎಂದು ಅದಕ್ಕೇನು ಗೊತ್ತು?

ಇಷ್ಟಾದರೂ ನಾನು ‘ಅಸಲಿ’ ಎಂದು ಹೇಳಲಿಲ್ಲ. ರಿಕವರಿ ವಿಳಾಸಕ್ಕೆ ಬರುವ ಪ್ರತಿಯನ್ನೇ ನಕಲು ಮಾಡಿ ಬಲೆ ಬೀಸುವವರೂ ಇರಬಹುದು. ಮಗಳಿಗೆ ಫೋನ್ ಮಾಡಿಸಿದೆ. ಅವಳ ಹಳೆಯ ನಂಬರಿಗೇ, ಮೇಲ್‌ನಲ್ಲಿದ್ದ ಯಾವುದಕ್ಕೂ ಅಲ್ಲ. ಅವಳು ತನ್ನ ಖಾತೆಯ ಪಟ್ಟಿ ನೋಡಿದಳು. ಸಂಜೆ 6:10ಕ್ಕೆ ಹೊಸ ಫೋನಿನಲ್ಲಿ ಲಾಗಿನ್ ಎಂದಿತ್ತು. ಅಮ್ಮನಿಗೆ ಮೇಲ್ ಬಂದದ್ದು ರಾತ್ರಿ 9:40ಕ್ಕೆ. ‘ಟೈಮ್ ಬೇರೆ ಬೇರೆ ಇದೆಯಲ್ಲ’ ಎಂದು ಅಕ್ಕನಿಗೆ ಮತ್ತೆ ಗಾಬರಿ. ಬೇಸಿಗೆ ಸಮಯ ನಡೆಯುವಾಗ ಜರ್ಮನಿ ನಮಗಿಂತ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಲೆಕ್ಕ ಸರಿಯಾಗಿ ಕೂಡಿತು. ಫೋನ್ ಅವಳೇ ಆ ದಿನ ಕೊಂಡದ್ದು. ಈಗ ಹೇಳಬಹುದು, ಎಚ್ಚರಿಕೆ ಅಸಲಿ, ಲಾಗಿನ್ ಕೂಡ ಅವಳದೇ.

ಆ ಮೇಲ್‌ನಲ್ಲಿ ಇನ್ನೊಂದು ಲಿಂಕ್ ಇತ್ತು. ಈ ಖಾತೆ ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ವಿಳಾಸವನ್ನು ಅದರಿಂದ ತೆಗೆದುಹಾಕಿ ಎನ್ನುವಂಥದ್ದು. ಅರ್ಥವಾಗದ ಭಾಷೆಯಲ್ಲಿ ಏನೋ ಒಂದು ಒತ್ತೋಣ ಎಂದು ಅಕ್ಕ ಆ ದಾರಿಯಲ್ಲಿ ಹೋಗಿದ್ದರೆ ಮಗಳ ಖಾತೆಯ ರಿಕವರಿ ವಿಳಾಸವೇ ಹೋಗುತ್ತಿತ್ತು. ಅಸಲಿ ಮೇಲ್‌ನಲ್ಲೂ ಸುಮ್ನೆ ಒತ್ತಬಾರದು ಎನ್ನುವುದು ಇದಕ್ಕೇ.

ಅನುವಾದದ ಆ್ಯಪ್ ಬಗ್ಗೆ ಒಂದು ಮಾತು. ಅದರಿಂದ ಏನು ಬರೆದಿದೆ ಎಂದು ತಿಳಿಯುತ್ತದೆ, ಯಾರು ಬರೆದರು ಎಂದು ತಿಳಿಯುವುದಿಲ್ಲ. ಮೂಲದಲ್ಲಿ ಕಾಗುಣಿತ ತಪ್ಪಿದ್ದರೂ ಅನುವಾದ ಅದನ್ನು ನೀಟಾಗಿ ತಿದ್ದಿ ತೋರಿಸಬಹುದು. ‘ಭಾಷೆ ಕೆಟ್ಟದಾಗಿದ್ದರೆ ಮೋಸ’ ಎಂಬ ಹಳೆಯ ಸೂತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

‘ಕಳಿಸಿದವರ ವಿಳಾಸ ನೋಡಿದರೆ ಸಾಕಲ್ಲ?’ ಎಂದು ಸ್ವಲ್ಪ ತಿಳಿದವರು ಕೇಳುತ್ತಾರೆ. ನೋಡಿ, ತಪ್ಪಿಲ್ಲ. ವಿಳಾಸ ವಿಚಿತ್ರವಾಗಿದ್ದರೆ ಮೋಸವೆಂದು ಅಲ್ಲೇ ಬಿಡಬಹುದು. ಆದರೆ ವಿಳಾಸ ಸರಿ ಇದೆ ಎಂದು ನಂಬಬೇಡಿ. 2025ರ ಏಪ್ರಿಲ್‌ನಲ್ಲಿ ನಿಕ್ ಜಾನ್ಸನ್ ಎಂಬ ಪ್ರೋಗ್ರಾಮರ್ ತನಗೆ ಬಂದ ಒಂದು ಮೇಲ್ ಬಗ್ಗೆ ಎಲ್ಲರಿಗೂ ಹೇಳಿದ. ಕಳಿಸಿದ ವಿಳಾಸ no-reply@google.com. ಗೂಗಲ್‌ನ ಡಿಜಿಟಲ್ ಸಹಿಯೂ ಸರಿಯಾಗಿತ್ತು. ಜಿಮೇಲ್ ಯಾವ ಕೆಂಪು ಗುರುತನ್ನೂ ಹಾಕಲಿಲ್ಲ. ಆದರೂ ಅದು ಬಲೆ. ಗೂಗಲ್ ನಿಜವಾಗಿ ಕಳಿಸಿದ ಒಂದು ಎಚ್ಚರಿಕೆಯಲ್ಲಿ ತಮ್ಮ ಸುಳ್ಳು ಮಾತು ಬರುವಂತೆ ಮಾಡಿ, ಸಹಿ ಕೆಡದ ಹಾಗೆ ಅದನ್ನು ಮುಂದಕ್ಕೆ ಕಳಿಸಿದ್ದರು. ಬಯಲಾದದ್ದು ಲಿಂಕ್‌ನಿಂದ. ಅದು accounts.google.com ಬದಲು sites.google.com ಗೆ ಹೋಗುತ್ತಿತ್ತು. ಅಲ್ಲಿ ಯಾರು ಬೇಕಾದರೂ ಪುಟ ಮಾಡಿ ಹಾಕಬಹುದು. ಪ್ರೋಗ್ರಾಮರ್‌ಗೇ ಇಷ್ಟು ಅಸಲಿಯಂತೆ ಬಂದ ಮೇಲ್ ನಮ್ಮ ಇನ್‌ಬಾಕ್ಸ್‌ಗೆ ಬಂದರೆ ಸ್ಕ್ರೀನ್‌ಶಾಟ್‌ನಲ್ಲಿ ಏನು ಹುಡುಕುವುದು?

ಲಿಂಕ್ ಓದುವಾಗಲೂ ಕಣ್ಣಿಗೆ ಮೋಸ ಮಾಡುವವರಿದ್ದಾರೆ. ಹೋಂಸ್ಟೇ, ರೆಸಾರ್ಟಿನವರು ಇದನ್ನು ಗಮನಿಸಿ. 2025ರ ಆಗಸ್ಟ್‌ನಲ್ಲಿ ಬುಕಿಂಗ್ ಡಾಟ್ ಕಾಮ್ ಹೆಸರಿನಲ್ಲಿ ಓಡಾಡಿದ ಒಂದು ಮೋಸದ ಲಿಂಕ್‌ನಲ್ಲಿ ಜಪಾನಿ ಅಕ್ಷರ ん ಬಳಸಿದ್ದರು. ಚಿಕ್ಕ ಪರದೆಯ ಮೇಲೆ ಅದು / ಎಂಬ ಓರೆಗೆರೆಯಂತೆಯೇ ಕಾಣುತ್ತದೆ. ಆರಂಭದಲ್ಲಿ account.booking.com ಎಂದು ಓದಿ ಸಮಾಧಾನ ಪಡುತ್ತೀರಿ. ಆದರೆ ನಿಜವಾದ ಓರೆಗೆರೆ ಬರುವುದು ಬಹಳ ಆಚೆ, ಅದಕ್ಕೆ ಮುಂಚೆ ಇದ್ದದ್ದು www-account-booking.com ಎಂಬ ಬೇರೆಯವರ ಸೈಟು. ಸೈಟು ಯಾರದು ಎಂದು ತೀರ್ಮಾನವಾಗುವುದು ಮೊದಲ ನಿಜವಾದ ಒಂಟಿ ಓರೆಗೆರೆಯ ಹಿಂದೆ ತಾಗಿಕೊಂಡೇ ಇರುವ ಹೆಸರಿನಿಂದ. ಶುರುವಿನ ಹೆಸರಿನಿಂದ ಅಲ್ಲ. ಅಕ್ಷರವನ್ನು ಭೂತಗನ್ನಡಿ ಹಿಡಿದು ನೋಡುವ ಬದಲು ಹೋಂಸ್ಟೇಯವರು ತಾವು ದಿನಾ ಬಳಸುವ ಆ್ಯಪ್ ತೆರೆದು ಅಲ್ಲಿ ಏನಾದರೂ ನೋಟಿಸ್ ಇದೆಯಾ ನೋಡುವುದು ಸುಲಭ.

ಚಿತ್ರ ನೋಡಿದ ಕೂಡಲೇ ಮೋಸವೆಂದು ನಾನು ಹೇಳುವುದೂ ಉಂಟು. ಈ ನಂಬರಿಗೆ ಕರೆ ಮಾಡಿ ಎಂದು ಕಂಪ್ಯೂಟರಿನ ಪರದೆ ತುಂಬ ಎಚ್ಚರಿಕೆ ಬಂದರೆ ಮೋಸ. ತನ್ನ ಎಚ್ಚರಿಕೆಗಳಲ್ಲಿ ಫೋನ್ ನಂಬರ್ ಇರುವುದೇ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ‘ನೀವು ಮನುಷ್ಯರೆಂದು ಸಾಬೀತು ಮಾಡಿ’ ಎಂದು ವಿಂಡೋಸ್ ಕೀ ಜೊತೆ R ಒತ್ತಿಸಿ, ಆಮೇಲೆ ಪೇಸ್ಟ್ ಮಾಡಿ ಎಂಟರ್ ಒತ್ತಲು ಹೇಳಿದರೆ ಅದೂ ಮೋಸ. ಹೋಟೆಲ್ ಮೊದಲಾದ ಆತಿಥ್ಯ ಉದ್ಯಮದವರನ್ನೇ ಗುರಿ ಮಾಡಿ ಈ ಆಟ 2024ರ ಡಿಸೆಂಬರ್‌ನಿಂದ ನಡೆದಿದೆ ಎಂದು ಅದೇ ಕಂಪನಿ 2025ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು.

ನಿಮ್ಮ ಖಾತೆಯ ಪಟ್ಟಿಯಲ್ಲೇ ಒಂದು ಲಾಗಿನ್ ಕಂಡು, ಜಾಗ ಬೆಂಗಳೂರು ಎಂದಿದ್ದರೆ ತಕ್ಷಣ ಹೌಹಾರಬೇಡಿ. ಆ ಜಾಗ ಇಂಟರ್ನೆಟ್ ಕಂಪನಿಯ ಜಾಲದಿಂದ ಅಂದಾಜು ಮಾಡಿದ್ದು. ವಿರಾಜಪೇಟೆಯಲ್ಲಿ ಕೂತವರದ್ದು ಬೆಂಗಳೂರು ಎಂದು ತೋರಿಸುವುದು ಮಾಮೂಲು. ಸಾಧನ ಯಾವುದು, ಹೊತ್ತು ಯಾವುದು ನೋಡಿ. ಅದು ನಿಮ್ಮದಲ್ಲ ಎನಿಸಿದರೆ ಅಲ್ಲಿಂದಲೇ ಆ ಸಾಧನವನ್ನು ಸೈನ್ ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿ. ಮೋಸದ ಪುಟದಲ್ಲಿ ಪಾಸ್‌ವರ್ಡ್ ಹಾಕಿಬಿಟ್ಟವರೂ ಇದನ್ನೇ ಮಾಡಬೇಕು, ಅದೂ ಬೆಳಗಾಗುವವರೆಗೆ ಕಾಯದೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಮೇಲ್ ಬೇರೆ ಯಾರಿಗಾದರೂ ಫಾರ್ವರ್ಡ್ ಆಗುತ್ತಿದೆಯಾ ಎಂದೂ ನೋಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನನಗೆ ಆಮೇಲೆ ಮಾಡಿದರಾಯಿತು.

ನನಗೆ ಸ್ಕ್ರೀನ್‌ಶಾಟ್ ಕಳಿಸುವುದನ್ನು ನಿಲ್ಲಿಸಿ ಎನ್ನುತ್ತಿಲ್ಲ. ನಿಲ್ಲಿಸುವವರೂ ಅಲ್ಲ ನೀವು! ಕಳಿಸುವುದಾದರೆ ಪೂರ್ತಿ ಕಳಿಸಿ, ಇರುವ ಇಮೇಲ್ ವಿಳಾಸಗಳೆಲ್ಲ, ಹೊತ್ತು ಕಾಣುವ ಹಾಗೆ. ಅದಕ್ಕೂ ಮೊದಲು ಚಿತ್ರದಲ್ಲಿ ಆರಂಕಿಯ ಕೋಡ್ ಏನಾದರೂ ಇದೆಯಾ ನೋಡಿ. ಕಳೆದ ತಿಂಗಳು ಒಬ್ಬರು ಅರೇಬಿಕ್‌ನ ಒಂದು ಎಚ್ಚರಿಕೆಯನ್ನು ‘ಇದೇನು ನೋಡಿ’ ಎಂದು ಇಡೀ ಗ್ರೂಪಿಗೆ ಹಾಕಿದ್ದರು. ಅದು ಅವರ ಖಾತೆಯ ಲಾಗಿನ್ ಕೋಡ್, ಅಂಕಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಕೂಡಲೇ ಅಳಿಸಿ ಎಂದು ನಾನು ಬರೆಯುವ ಹೊತ್ತಿಗೆ ನಾಲ್ಕು ಜನ ಅದಕ್ಕೆ ಹೆಬ್ಬೆರಳು ಒತ್ತಿದ್ದರು.