ನೇಮಕಾತಿ ಅಧಿಕಾರಿಗೆ ಬರೆದ ಮೇಲ್‌ಗೆ ಯಂತ್ರ ಉತ್ತರಿಸಿದಾಗ

ಸಂದರ್ಶನ ಮುಗಿಸಿ ಬಂದ ಅಭ್ಯರ್ಥಿ, ಫಲಿತಾಂಶ ಏನಾಯಿತೆಂದು ವಿಚಾರಿಸಿ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಮೇಲ್ ಬರೆದಾಗ, ಕೆಲವೊಮ್ಮೆ ಅರ್ಧ ನಿಮಿಷದೊಳಗೇ ಉತ್ತರ ಬಂದುಬಿಡುತ್ತದೆ. ತೆರೆದು ನೋಡಿದರೆ ಅದು ಮನುಷ್ಯರು ಬರೆದದ್ದಾಗಿರುವುದಿಲ್ಲ. ತುಮಕೂರಿನಲ್ಲಿ ಉದ್ಯೋಗಾಕಾಂಕ್ಷಿಗಳಿಗೆ ಮಾರ್ಗದರ್ಶನ ಮಾಡುವ ನನ್ನ ಬಳಿ ಬರುವ ಹುಡುಗ ಹುಡುಗಿಯರಲ್ಲಿ ಹೆಚ್ಚಿನವರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಸರ್, ಮೇಲ್ ವಾಪಸ್ ಬಂತು." ಆದರೆ ಹೀಗೆ ಬರುವುದರಲ್ಲಿ ಎರಡು ಬಗೆಗಳಿವೆ. ಒಂದು, ನಾವು ಬರೆದವರು ರಜೆಯಲ್ಲಿದ್ದಾರೆ ಎಂದು ಅವರ ಮೇಲ್‌ಪೆಟ್ಟಿಗೆಯೇ ಕಳಿಸುವ ಸೂಚನೆ. ಇನ್ನೊಂದು, ನಮ್ಮ ಮೇಲ್ ಅವರನ್ನು ತಲುಪಲೇ ಇಲ್ಲ ಎಂದು ಸರ್ವರ್ ಕಳಿಸುವ ವರದಿ. ಮೊದಲನೆಯದು ಬಂದರೆ ನಮ್ಮ ಪತ್ರ ಅವರ ಪೆಟ್ಟಿಗೆಯಲ್ಲಿ ಬಿದ್ದಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಎರಡನೆಯದು ಬಂದರೆ ಬಿದ್ದಿಲ್ಲ. ಮುಂದೆ ಏನು ಮಾಡಬೇಕೆಂಬುದೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ.

ಎರಡೂ ಒಂದರ ಹಿಂದೆ ಒಂದು ಬಂದ ಪ್ರಸಂಗವೊಂದನ್ನು ಇಲ್ಲಿ ವಿವರವಾಗಿ ನೋಡೋಣ. ಗುಬ್ಬಿ ಕಡೆಯ ಒಬ್ಬ ಮೆಕ್ಯಾನಿಕಲ್ ಪದವೀಧರೆ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ವಿಭಾಗದ ಹುದ್ದೆಗೆ ಸಂದರ್ಶನ ಕೊಟ್ಟಿದ್ದಳು. ಹತ್ತು ದಿನಗಳಲ್ಲಿ ತಿಳಿಸುವುದಾಗಿ ಅವರು ಹೇಳಿದ್ದರು. ಈ ನಡುವೆ ಪೀಣ್ಯದ ಬೇರೊಂದು ಕಂಪನಿಯಿಂದ ಅವಳಿಗೆ ಆಫರ್ ಲೆಟರ್ ಬಂತು. 14ನೇ ತಾರೀಖು ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಬೇಕೆಂದು ಅದರಲ್ಲಿತ್ತು. ಮನೆಗೆ ಹತ್ತಿರವೆಂಬ ಕಾರಣಕ್ಕೆ ಅವಳ ಮನಸ್ಸು ವಸಂತನರಸಾಪುರದ ಕಡೆಗೇ ಇತ್ತು. ಆದ್ದರಿಂದ 10ನೇ ತಾರೀಖು ಸೋಮವಾರ ಅಲ್ಲಿನ ನೇಮಕಾತಿ ಅಧಿಕಾರಿಗೆ ಮೇಲ್ ಬರೆದಳು. ಕೂಡಲೇ ಬಂದ ಸ್ವಯಂಚಾಲಿತ ಉತ್ತರದಲ್ಲಿ, ತಾವು 17ರವರೆಗೆ ರಜೆಯಲ್ಲಿರುವುದಾಗಿಯೂ 18ಕ್ಕೆ ಕಚೇರಿಗೆ ಮರಳುವುದಾಗಿಯೂ ತುರ್ತು ವಿಷಯವಿದ್ದರೆ ತಮ್ಮ ಸಹೋದ್ಯೋಗಿಗೆ ಬರೆಯಬಹುದೆಂದೂ ಇತ್ತು. ಸಹೋದ್ಯೋಗಿಯ ಮೇಲ್ ವಿಳಾಸವೂ ಇತ್ತು.

ಇಂಥ ಉತ್ತರವನ್ನು ಓದುವಾಗ ಮೊದಲು ನೋಡಬೇಕಾದದ್ದು ತಾರೀಖುಗಳನ್ನು. ಹೊರದೇಶದ ಕಂಪನಿಗಳ ಶಾಖೆಗಳಲ್ಲಿ 05/06 ಎಂದು ಬರೆದಿದ್ದರೆ ಅದು ಜೂನ್ 5 ಆಗಿರಬಹುದು, ಅಮೆರಿಕದ ಕ್ರಮದಲ್ಲಿ ಮೇ 6 ಕೂಡ ಆಗಿರಬಹುದು. ಮೇಲ್ ಬಂದ ದಿನಕ್ಕೆ ಯಾವುದು ಹೊಂದುತ್ತದೆಂದು ನೋಡಿಕೊಳ್ಳಬೇಕು. ಮರಳುವ ದಿನ ಆಗಲೇ ದಾಟಿಹೋಗಿದ್ದರೆ ಅವರು ಆ ಸೂಚನೆಯನ್ನು ತೆಗೆಯುವುದನ್ನು ಮರೆತಿದ್ದಾರೆ ಎಂದರ್ಥ, ಆಗ ಅವರು ಕಚೇರಿಯಲ್ಲಿಯೇ ಇರುವ ಸಂಭವವೇ ಹೆಚ್ಚು. ಇನ್ನು, ಮರಳುವ ದಿನವೇ ಬೆಳಿಗ್ಗೆ ಮತ್ತೆ ಬರೆಯುವುದು ಒಳ್ಳೆಯದಲ್ಲ. ವಾರಗಟ್ಟಲೆ ಕೂಡಿಬಿದ್ದ ಮೇಲ್‌ಗಳನ್ನು ಅವರು ಆ ದಿನ ವಿಲೇವಾರಿ ಮಾಡುತ್ತಿರುತ್ತಾರೆ. ನಮ್ಮ ಮೊದಲ ಪತ್ರವೂ ಆ ರಾಶಿಯಲ್ಲಿಯೇ ಇರುತ್ತದೆ. ಎರಡು ಕೆಲಸದ ದಿನಗಳನ್ನು ಬಿಟ್ಟು, ಅದೇ ಮೇಲ್ ಸರಣಿಯಲ್ಲಿ, ಎರಡು ಮೂರು ಸಾಲುಗಳಲ್ಲಿ ನೆನಪಿಸಿದರೆ ಸಾಕು.

ಇಲ್ಲಿ ಬಹಳ ಜನ ತಪ್ಪಾಗಿ ತಿಳಿಯುವ ವಿಷಯವೊಂದಿದೆ. ಎರಡನೇ ಸಲ ಬರೆದಾಗ ಸ್ವಯಂಚಾಲಿತ ಉತ್ತರ ಬರದಿದ್ದರೆ, ಅಧಿಕಾರಿ ಮರಳಿದ್ದಾರೆ, ಓದಿಯೂ ಸುಮ್ಮನಿದ್ದಾರೆ ಎಂದು ಅವರು ಊಹಿಸುತ್ತಾರೆ. ಹಾಗೇನೂ ಇಲ್ಲ. ಒಬ್ಬರಿಗೇ ಪದೇ ಪದೇ ಸೂಚನೆ ಹೋಗದಂತೆ ಮೇಲ್ ವ್ಯವಸ್ಥೆಗಳಲ್ಲಿ ಮೊದಲೇ ಏರ್ಪಾಡು ಇರುತ್ತದೆ. ಜಿಮೇಲ್‌ನಲ್ಲಿ ಒಬ್ಬ ವ್ಯಕ್ತಿ ಎಷ್ಟು ಸಲ ಬರೆದರೂ ಸಾಮಾನ್ಯವಾಗಿ ನಾಲ್ಕು ದಿನಗಳಿಗೊಮ್ಮೆ ಮಾತ್ರ ಈ ಉತ್ತರ ಹೋಗುತ್ತದೆ. ಹೆಚ್ಚಿನ ಕಂಪನಿಗಳು ಬಳಸುವ ಔಟ್‌ಲುಕ್‌ನಲ್ಲಿ ಒಂದು ರಜೆಯ ಅವಧಿಗೆ ಒಬ್ಬರಿಗೆ ಒಂದೇ ಸಲ. ಅಷ್ಟೇ ಅಲ್ಲ, ಔಟ್‌ಲುಕ್‌ನಲ್ಲಿ ಸಂಸ್ಥೆಯ ಒಳಗಿನವರಿಗೆ ಮಾತ್ರ ಸೂಚನೆ ಹೋಗುವಂತೆಯೂ ಇಟ್ಟುಕೊಳ್ಳಬಹುದಾದ್ದರಿಂದ, ಹೊರಗಿನವರಾದ ನಮಗೆ ಅದು ಬಾರದೆಯೂ ಇರಬಹುದು. ಮೌನದಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ.

ಸಹೋದ್ಯೋಗಿಗೆ ಬರೆಯಬೇಕೇ ಬೇಡವೇ ಎಂಬುದನ್ನು ನಿರ್ಧರಿಸಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಅಧಿಕಾರಿ ಮರಳುವ ದಿನಕ್ಕೆ ಮೊದಲು ನಿಮ್ಮ ಕಡೆ ಯಾವುದಾದರೂ ಗಡುವು ಮುಗಿಯುತ್ತದೆಯೇ? ಮುಂದಿನ ಸುತ್ತಿನ ಸಂದರ್ಶನದ ದಿನ, ದಾಖಲೆ ಸಲ್ಲಿಸುವ ಕೊನೆಯ ದಿನ, ಕೆಲಸಕ್ಕೆ ಸೇರುವ ದಿನ, ಇನ್ನೊಂದು ಕಂಪನಿಗೆ ಒಪ್ಪಿಗೆ ಹೇಳಬೇಕಾದ ದಿನ, ಇವು ಗಡುವುಗಳು. ಫಲಿತಾಂಶ ತಿಳಿಯುವ ಕಾತರ ಎಷ್ಟೇ ಸಹಜವಾಗಿದ್ದರೂ ಗಡುವಲ್ಲ. ಅದಕ್ಕಾಗಿ ಸಂಬಂಧವಿಲ್ಲದ ಇನ್ನೊಬ್ಬರ ಸಮಯ ಕೇಳುವುದು ಸರಿಯಲ್ಲ. ಗುಬ್ಬಿಯ ಹುಡುಗಿಗೆ 14ರ ಗಡುವಿತ್ತು, ಅಧಿಕಾರಿ ಮರಳುವುದು 18ಕ್ಕೆ. ಆದ್ದರಿಂದ ಅವಳು ಸಹೋದ್ಯೋಗಿಗೆ ಬರೆದದ್ದು ಸರಿಯಾಗಿಯೇ ಇತ್ತು.

ಆ ಮೇಲ್ ಮಾತ್ರ ತಲುಪಲಿಲ್ಲ. "Address not found" ಎಂಬ ತಲೆಬರಹದ ವರದಿ ಬಂತು. ಅದರ ಕೆಳಭಾಗದಲ್ಲಿ ಹೀಗಿತ್ತು:

```
550 5.1.1 The email account that you tried to reach does not exist.
```

ಎಲ್ಲರೂ ಓದದೆ ಬಿಡುವುದು ಈ ಸಾಲನ್ನೇ. ಚುಕ್ಕಿಗಳಿರುವ ಸಂಖ್ಯೆಯ ಮೊದಲ ಅಂಕಿ 5 ಆಗಿದ್ದರೆ ಸರ್ವರ್ ಮೇಲನ್ನು ಪೂರ್ತಿಯಾಗಿ ನಿರಾಕರಿಸಿದೆ, ತಾನಾಗಿ ಮತ್ತೆ ಪ್ರಯತ್ನಿಸುವುದಿಲ್ಲ. 4 ಆಗಿದ್ದರೆ ಅಡಚಣೆ ತಾತ್ಕಾಲಿಕ. ಜಿಮೇಲ್‌ನಲ್ಲಿ ಆಗ "Delivery incomplete" ಎಂದು ಬರುತ್ತದೆ, ಇನ್ನು ಎಷ್ಟು ಗಂಟೆಗಳ ಕಾಲ ಮತ್ತೆ ಪ್ರಯತ್ನಿಸಲಾಗುವುದು ಎಂಬುದನ್ನೂ ಅದರಲ್ಲಿಯೇ ತಿಳಿಸಿರುತ್ತಾರೆ. ಆ ಅವಧಿಯಲ್ಲಿ ಅದೇ ಮೇಲನ್ನು ಮತ್ತೆ ಮತ್ತೆ ಕಳಿಸಿದರೆ, ಅಡಚಣೆ ಕಳೆದ ಮೇಲೆ ಅಷ್ಟೂ ಪ್ರತಿಗಳು ಒಟ್ಟಿಗೇ ಹೋಗಿ ಬೀಳುತ್ತವೆ. ಉಳಿದ ಅಂಕಿಗಳು ಕಾರಣ ಹೇಳುತ್ತವೆ. 5.1.1 ಎಂದರೆ ಆ ಹೆಸರಿನ ಮೇಲ್‌ಪೆಟ್ಟಿಗೆ ಇಲ್ಲ, 5.2.2 ಎಂದರೆ ಪೆಟ್ಟಿಗೆ ತುಂಬಿದೆ, 5.3.4 ಎಂದರೆ ಮೇಲ್ ಗಾತ್ರ ಮಿತಿ ಮೀರಿದೆ. ಈ ಕೊನೆಯದು ನಮ್ಮ ಕಡೆ ಅಪರೂಪವೇನಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಅಂಕಪಟ್ಟಿಗಳನ್ನೆಲ್ಲ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿದ ಕಡತ 20 ಎಂಬಿ ದಾಟಿರುತ್ತದೆ. ಮೇಲ್‌ಗೆ ಸೇರಿಸಿದಾಗ ಅದು ಸುಮಾರು ಮೂರನೇ ಒಂದು ಭಾಗದಷ್ಟು ಇನ್ನೂ ಹಿಗ್ಗುತ್ತದೆ. ಅಂಥ ಸಂದರ್ಭದಲ್ಲಿ ವಿಳಾಸ ಹುಡುಕುತ್ತ ಕೂರುವ ಬದಲು ಕಡತವನ್ನು ಕಿರಿದು ಮಾಡಿ ಕಳಿಸಬೇಕು.

ನಮ್ಮ ಪ್ರಸಂಗದಲ್ಲಿ ಬಂದದ್ದು 5.1.1. ಇದಕ್ಕೆ ಕಾರಣ ಅಕ್ಷರದೋಷವಾಗಿರಬೇಕು, ಇಲ್ಲವೇ ಆ ವ್ಯಕ್ತಿ ಕಂಪನಿ ಬಿಟ್ಟಿರಬೇಕು. ಅವಳು ವಿಳಾಸವನ್ನು ಸ್ವಯಂಚಾಲಿತ ಉತ್ತರದಿಂದಲೇ ನಕಲು ಮಾಡಿದ್ದಳು, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿದೆವು, ವ್ಯತ್ಯಾಸವಿರಲಿಲ್ಲ. @ ಚಿಹ್ನೆಯ ನಂತರದ ಭಾಗ ನೇಮಕಾತಿ ಅಧಿಕಾರಿಯ ವಿಳಾಸದಲ್ಲಿ ಇದ್ದದ್ದೇ ಆಗಿತ್ತು. ಆ ವಿಳಾಸಕ್ಕೆ ಮೇಲ್ ಹೋಗಿತ್ತಾದ್ದರಿಂದ ಕಂಪನಿಯ ಸರ್ವರ್ ಸರಿಯಾಗಿದೆ ಎಂದಾಯಿತು. ಹಾಗಾದರೆ ಆ ಸಹೋದ್ಯೋಗಿಯೇ ಈಗ ಅಲ್ಲಿಲ್ಲ. ಹಿಂದಿನ ಯಾವುದೋ ರಜೆಗೆ ಬರೆದಿಟ್ಟ ಸೂಚನೆಯಲ್ಲಿ ತಾರೀಖು ಮಾತ್ರ ಬದಲಾಗಿದೆ, ಹೆಸರು ಹಾಗೆಯೇ ಉಳಿದಿದೆ. ಕೆಲಸದ ಒತ್ತಡದಲ್ಲಿ ರಜೆಗೆ ಹೊರಡುವವರಿಂದ ಇದು ಆಗುವಂಥದ್ದೇ.

ಇಂಥ ಸಮಯದಲ್ಲಿ ಕೆಲವರು ಹೆಸರಿನ ಮುಂದೆ ಹಿಂದೆ ಚುಕ್ಕಿ, ಇನಿಷಿಯಲ್ ಸೇರಿಸಿ ನಾಲ್ಕಾರು ವಿಳಾಸಗಳನ್ನು ಊಹಿಸಿ ಕಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಊಹೆ ತಪ್ಪಿ ಅದೇ ಹೆಸರಿನ ಇನ್ನೊಬ್ಬರಿಗೆ ಹೋದರೆ ನಿಮ್ಮ ರೆಸ್ಯೂಮೆ, ಫೋನ್ ನಂಬರು, ಇನ್ನೊಂದು ಕಂಪನಿಯ ಆಫರ್ ವಿಷಯ ಎಲ್ಲವೂ ಅಪರಿಚಿತರ ಕೈಸೇರುತ್ತವೆ. ಅದರ ಬದಲು, ಸಂದರ್ಶನಕ್ಕೆ ಕರೆದಾಗ ಬಂದಿದ್ದ ಮೊದಲ ಮೇಲ್ ತೆರೆಯಿರಿ. ಅದರ ಸಿಸಿ ಸಾಲಿನಲ್ಲಿ ಯಾರಿದ್ದಾರೆ, ಕೆಳಗಿನ ಸಹಿಯಲ್ಲಿ ಯಾವ ದೂರವಾಣಿ ಸಂಖ್ಯೆಯಿದೆ ಎಂದು ನೋಡಿರಿ. ಅವಳ ಮೇಲ್‌ನಲ್ಲಿ ಕಾರ್ಖಾನೆಯ ಎಚ್‌ಆರ್ ವಿಭಾಗದ ಸಾಮಾನ್ಯ ವಿಳಾಸ ಸಿಸಿಯಲ್ಲಿತ್ತು, ಸಹಿಯಲ್ಲಿ ಕಚೇರಿಯ ನಂಬರೂ ಇತ್ತು. ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಫೋನ್ ಮಾಡಿ ಅವಳು ಕೇಳಿದ್ದು ಫಲಿತಾಂಶವನ್ನಲ್ಲ, "ಗುಣಮಟ್ಟ ವಿಭಾಗದ ಹುದ್ದೆಯ ನೇಮಕಾತಿಯನ್ನು ಈಗ ಯಾರು ನೋಡಿಕೊಳ್ಳುತ್ತಿದ್ದಾರೆ ಮೇಡಂ, ಅವರಿಗೆ ಯಾವ ವಿಳಾಸಕ್ಕೆ ಬರೆಯಬೇಕು?" ಎಂದಷ್ಟೇ. ರಿಸೆಪ್ಷನ್‌ನಲ್ಲಿರುವವರು ಉತ್ತರಿಸಬಹುದಾದ ಪ್ರಶ್ನೆ ಅದು. ಸಾಮಾನ್ಯ ವಿಳಾಸಕ್ಕೇ ಬರೆಯಿರಿ, ಅಲ್ಲಿರುವವರು ನೋಡುತ್ತಾರೆ ಎಂದು ಅವರು ಹೇಳಿದರು.

ಆಮೇಲೆ ಅವಳು ಬರೆದ ಪತ್ರ ಇಂಗ್ಲಿಷಿನಲ್ಲಿತ್ತು. ಅದರ ಒಕ್ಕಣೆ ಇಷ್ಟು. ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಸಂದರ್ಶನದ ದಿನ, "14ರೊಳಗೆ ಮಾಹಿತಿ ಕೋರಿ" ಎಂಬ ಮಾತು. ಒಳಗೆ, "ನೇಮಕಾತಿ ಅಧಿಕಾರಿಯವರು 18ರವರೆಗೆ ಲಭ್ಯವಿಲ್ಲವೆಂದು ತಿಳಿದು ತಮಗೆ ಬರೆಯುತ್ತಿದ್ದೇನೆ. ಇನ್ನೊಂದು ಸಂಸ್ಥೆಗೆ 14ರಂದು ನನ್ನ ನಿರ್ಧಾರ ತಿಳಿಸಬೇಕಾಗಿದೆ. ತಮ್ಮ ಹುದ್ದೆಯಲ್ಲಿ ನನಗೆ ಆಸಕ್ತಿಯಿದೆ. ಆ ದಿನದೊಳಗೆ ಆಯ್ಕೆಯ ಬಗ್ಗೆ ತಿಳಿಯುವ ಸಾಧ್ಯತೆ ಇದೆಯೇ ಎಂಬುದನ್ನು ತಿಳಿಸಿದರೆ ಉಪಕಾರವಾಗುತ್ತದೆ." ಸಹೋದ್ಯೋಗಿಯ ವಿಳಾಸ ಕೆಲಸ ಮಾಡಲಿಲ್ಲ ಎಂಬುದನ್ನು ಅವಳು ಬರೆಯಲಿಲ್ಲ, ವರದಿಯನ್ನು ಲಗತ್ತಿಸಲೂ ಇಲ್ಲ, ಅದು ಆ ಅಧಿಕಾರಿಯ ಮೇಲಿನ ದೂರಿನಂತೆ ಕಾಣುವುದರಿಂದ ಬಿಡುವಂತೆ ನಾನೇ ಹೇಳಿದ್ದೆ. ನೇಮಕಾತಿ ಅಧಿಕಾರಿಯ ವಿಳಾಸವನ್ನು ಸಿಸಿಯಲ್ಲಿ ಇಟ್ಟದ್ದರಿಂದ, ಅವರು ಮರಳಿದಾಗ ತಮ್ಮ ಬೆನ್ನ ಹಿಂದೆ ಏನೋ ನಡೆದಿದೆ ಎಂದು ಅನ್ನಿಸುವ ಸಂದರ್ಭವೂ ಬರಲಿಲ್ಲ.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಸೇರಿಸುತ್ತೇನೆ. ಮೇಲ್ ತಲುಪಿಲ್ಲ ಎಂಬ ನಿಜವಾದ ವರದಿ ಎಂದೂ ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ. ತಡೆಹಿಡಿದ ಮೇಲ್ ಬಿಡಿಸಿಕೊಳ್ಳಲು ಇಲ್ಲಿ ಒತ್ತಿ ಲಾಗಿನ್ ಆಗಿ ಎಂದು ಬಂದರೆ ಅದು ಮೋಸ, ಒತ್ತದೆ ಅಳಿಸಿಬಿಡಿ.

ಬುಧವಾರ ಸಂಜೆ ಕಾರ್ಖಾನೆಯಿಂದ ಉತ್ತರ ಬಂತು. ಆಯ್ಕೆ ಪಟ್ಟಿಗೆ ಪ್ಲಾಂಟ್ ಹೆಡ್ ಅವರ ಒಪ್ಪಿಗೆ ಇನ್ನೂ ಸಿಗಬೇಕಿದೆ, ತಿಂಗಳ ಕೊನೆಗೆ ಮೊದಲು ಏನನ್ನೂ ಹೇಳಲಾಗದು ಎಂದು ಅವರು ನೇರವಾಗಿ ಬರೆದಿದ್ದರು. ಅವಳು ಗುರುವಾರ ಪೀಣ್ಯದ ಕಂಪನಿಗೆ ಒಪ್ಪಿಗೆ ಕಳಿಸಿದಳು. ಅದೇ ದಿನ, ಅದೇ ಸರಣಿಯಲ್ಲಿ, ತಾನು ಬೇರೆ ಕಡೆ ಸೇರುತ್ತಿರುವುದರಿಂದ ಈ ಹುದ್ದೆಗೆ ತನ್ನ ಅರ್ಜಿಯನ್ನು ಪರಿಗಣಿಸುವುದು ಬೇಡವೆಂದು ಸಾಮಾನ್ಯ ವಿಳಾಸಕ್ಕೂ ನೇಮಕಾತಿ ಅಧಿಕಾರಿಗೂ ಎರಡು ಸಾಲು ಬರೆದು, ಸಮಯ ಕೊಟ್ಟದ್ದಕ್ಕೆ ಧನ್ಯವಾದ ಹೇಳಿದಳು. ರಜೆಯಿಂದ ಮರಳಿದ ಅಧಿಕಾರಿ ತಮ್ಮ ಪೆಟ್ಟಿಗೆಯಲ್ಲಿ ಸೋಮವಾರದ ಪತ್ರದ ಜೊತೆಗೇ ಇದನ್ನೂ ಓದಿದರು. 19ರಂದು ಅವರೇ ಉತ್ತರ ಬರೆದು ಶುಭ ಕೋರಿದರು.