ಪಾದ ಎತ್ಲಿಕ್ಕೆ ಆಗ್ತಿಲ್ಲ, ಪೆಟ್ಟಾದದ್ದು ಮೊಣಕಾಲಿನ ಹತ್ರ

ಕಾಪು ಕಡೆಯ ಟೈಲ್ಸ್ ಕೆಲಸದವರು ಒಬ್ಬರು ಬಂದಿದ್ದರು, ನಲವತ್ತು ದಾಟಿದ ಪ್ರಾಯ. ಬಲಗಾಲಿನ ಹವಾಯಿ ಚಪ್ಪಲಿ ಎದುರಿನ ತುದಿಯಲ್ಲಿ ಮಾತ್ರ ಸವೆದು ಹೋಗಿತ್ತು. ನಡೆಯುವಾಗ ಬೆರಳು ನೆಲಕ್ಕೆ ತಾಗಬಾರದು ಅಂತ ಮೊಣಕಾಲನ್ನು ಮೆಟ್ಟಿಲು ಹತ್ತುವವರ ಹಾಗೆ ಮೇಲೆತ್ತಿ ಪಾದವನ್ನು ಟಪ್ ಅಂತ ಇಡ್ತಿದ್ರು. "ಸೊಂಟದ ನರ ಅಂತೆ, ಎಂಆರ್‌ಐ ಮಾಡ್ಸಿ ಅಂದ್ರು ಡಾಕ್ಟ್ರೆ, ಅದಕ್ಕೆ ದುಡ್ಡು ಎಲ್ಲಿಂದ ತರುವುದು" ಅಂತ ಕೇಳಿದ್ರು. ನಾನು ಫಿಸಿಯೋ, ಆದ್ರೆ ನಮ್ಮ ಊರಲ್ಲಿ ಕಾಲು ಮುಟ್ಟಿ ನೋಡುವವರೆಲ್ಲ ಡಾಕ್ಟ್ರೇ.

ಸೊಂಟವೋ ಮೊಣಕಾಲೋ ಅಂತ ಅಂದಾಜು ಮಾಡ್ಲಿಕ್ಕೆ ಒಂದು ಸಣ್ಣ ಪರೀಕ್ಷೆ ಉಂಟು. ಪಾದವನ್ನು ಮೇಲಕ್ಕೆ ಎಳೀರಿ ಅಂದೆ, ಆಗ್ಲಿಲ್ಲ. ಹೊರಗೆ ತಿರುಗ್ಸಿ ಅಂದೆ, ಅದೂ ಇಲ್ಲ. ಒಳಗೆ ತಿರುಗ್ಸಿ ಅಂದಾಗ ನನ್ನ ಕೈಯನ್ನು ಜೋರಾಗಿ ದೂಡಿದ್ರು. ಒಳಗೆ ತಿರುಗಿಸುವ ಸ್ನಾಯುವಿಗೆ ಬರುವ ನರ ಬೇರೆ, ಆದ್ರೆ ಸೊಂಟದ ಎಲ್5 ನರ ಒತ್ತಿ ಹೋದ್ರೆ ಸಾಮಾನ್ಯವಾಗಿ ಅದೂ ಬಲ ಕಳ್ಕೊಳ್ತದೆ. ಇವರಲ್ಲಿ ಅದು ಗಟ್ಟಿ ಇತ್ತು. ಮೊಣಕಾಲಿನ ಹೊರಬದಿ ಸ್ವಲ್ಪ ಕೆಳಗೆ ಕೈಗೆ ಒಂದು ಎಲುಬಿನ ಗುಬುಟು ಸಿಗ್ತದಲ್ಲ, ಅಲ್ಲಿ ಬೆರಳಲ್ಲಿ ಮೆಲ್ಲ ತಟ್ಟಿದಾಗ ಪಾದದ ಮೇಲ್ಭಾಗದವರೆಗೆ ಶಾಕ್ ಹೊಡೆದ ಹಾಗಾಯ್ತು. ಪಾದ ಎತ್ತುವ ಸ್ನಾಯುಗಳಿಗೆ ಹೋಗುವ ಪೆರೋನಿಯಲ್ ನರ ಆ ಎಲುಬನ್ನು ಸುತ್ತಿಕೊಂಡು ಚರ್ಮದ ಅಡಿಯಲ್ಲೇ ಹೋಗುವುದು, ಮೇಲೆ ಮಾಂಸದ ರಕ್ಷಣೆ ಇಲ್ಲ. ಇವರು ಜಾಂಡೀಸ್ ಬಂದು ಚೆನ್ನಾಗಿ ತೂಕ ಇಳಿದಿದ್ರು, ಇದ್ದ ಸ್ವಲ್ಪ ಕೊಬ್ಬೂ ಹೋಗಿತ್ತು, ಮತ್ತೆ ಕೆಲಸಕ್ಕೆ ಹೋಗಿ ದಿನಗಟ್ಟಲೆ ಕುಕ್ಕರಗಾಲಲ್ಲಿ ಕೂತು ಟೈಲ್ಸ್ ಹಾಕಿದ್ದಾರೆ, ಅಲ್ಲೇ ನರ ಒತ್ತಿ ಹೋಗಿದೆ. ಬಿಗಿಯಾದ ಪ್ಲಾಸ್ಟರ್, ಬೈಕಿಂದ ಬಿದ್ದ ಪೆಟ್ಟು, ಯಾವಾಗಲೂ ಕಾಲ ಮೇಲೆ ಕಾಲು ಹಾಕುವ ಅಭ್ಯಾಸ, ಎಲ್ಲದರಿಂದಲೂ ಹೀಗಾಗಬಹುದು. ಇಂಥ ಕಾರಣ ಯಾವುದೂ ಸಿಗದೆ, ಚರ್ಮದಲ್ಲಿ ಸ್ಪರ್ಶ ಗೊತ್ತಾಗದ ಕಲೆ ಇದ್ರೆ ಕುಷ್ಠರೋಗದ ಪರೀಕ್ಷೆ ಮಾಡ್ಸಲೇಬೇಕು, ಅದಕ್ಕೆ ಮದ್ದುಂಟು, ನಾಚಿಕೆಗೆ ಕೂತ್ರೆ ನರ ಹೋಗ್ತದೆ.

ನ್ಯೂರಾಲಜಿಸ್ಟ್ ಹತ್ರ ಕಳಿಸಿದೆ. ನರದ ಟೆಸ್ಟ್ ಮೂರು ವಾರ ಆದ ಮೇಲೆ ಮಾಡಿದ್ರೆ ಎಷ್ಟು ಹಾಳಾಗಿದೆ ಅಂತ ಸರಿಯಾಗಿ ಗೊತ್ತಾಗ್ತದೆ. ನರದ ಹೊದಿಕೆಗೆ ಮಾತ್ರ ಪೆಟ್ಟಾದ್ರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳಲ್ಲಿ ವಾಪಸ್ ಬರ್ತದೆ. ಒಳಗಿನ ಎಳೆಯೇ ಹೋದ್ರೆ ಅದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುವುದು. ಇವರದ್ದು ಹೆಚ್ಚಿನ ಭಾಗ ಹೊದಿಕೆಯ ತೊಂದರೆ.

ಅಲ್ಲಿವರೆಗೆ ಎಎಫ್‌ಒ, ಅಂದ್ರೆ ಎಲ್ ಆಕಾರದ ಪ್ಲಾಸ್ಟಿಕ್ ಬ್ರೇಸ್. ಇದು ನರವನ್ನು ಗುಣ ಮಾಡುವುದಿಲ್ಲ, ಬೆರಳು ಎಡವದ ಹಾಗೆ ಪಾದವನ್ನು ಹಿಡಿದಿಡ್ತದೆ ಅಷ್ಟೆ. ಇವರು ಅಂಗಡಿಯಿಂದ ರೆಡಿಮೇಡ್ ತಂದು ಹಾಕಿದ್ರು, ಅದರ ಮೇಲಿನ ಬೆಲ್ಟ್ ಸರಿಯಾಗಿ ಆ ಎಲುಬಿನ ಮೇಲೆಯೇ ಬಿಗಿಯಾಗಿತ್ತು ಮಾರಾಯ್ರೇ, ನರ ಒತ್ತಿದ ಜಾಗವನ್ನೇ ಮತ್ತೆ ಒತ್ತುವುದು! ಬೆಲ್ಟ್ ಗುಬುಟಿಗಿಂತ ಎರಡು ಬೆರಳಾದ್ರೂ ಕೆಳಗೆ ಇರ್ಬೇಕು. ಹವಾಯಿ ಚಪ್ಪಲಿಯಲ್ಲಿ ಬ್ರೇಸ್ ನಿಲ್ಲುವುದಿಲ್ಲ, ಹಿಂದೆ ಪಟ್ಟಿ ಇರುವ ಒಂದು ಸೈಜ್ ದೊಡ್ಡ ಸ್ಯಾಂಡಲ್ ಬೇಕು. ಬಿಚ್ಚಿದ ಮೇಲೆ ಅರ್ಧ ಗಂಟೆ ಆದ್ರೂ ಕೆಂಪು ಕಲೆ ಹೋಗದಿದ್ರೆ ಬ್ರೇಸ್ ಸರಿ ಮಾಡಿಸ್ಬೇಕು, ಪಾದ ಮರಗಟ್ಟಿದವರಿಗೆ ಗಾಯ ಆದದ್ದೇ ಗೊತ್ತಾಗುವುದಿಲ್ಲ. ನಮ್ಮ ಮಳೆಗಾಲದಲ್ಲಿ ಒಳಗೆ ಒದ್ದೆಯಾದ್ರೆ ಒರೆಸಿ ಒಣಗಿದ ಸಾಕ್ಸ್ ಹಾಕಿ.

ವ್ಯಾಯಾಮದಲ್ಲಿ ಮೊದಲನೆಯದ್ದು ಮೀನಖಂಡ ಗಿಡ್ಡ ಆಗದ ಹಾಗೆ ನೋಡುವುದು, ಯಾಕಂದ್ರೆ ಅದು ಬಿಗಿಯಾದ್ರೆ ನರ ವಾಪಸ್ ಬಂದ್ರೂ ಪಾದ ಮೇಲೆ ಬರುವುದಿಲ್ಲ. ಕಾಲು ಚಾಚಿ ಕೂತು ಬೈರಾಸನ್ನು ಪಾದದ ಮುಂಭಾಗಕ್ಕೆ ಹಾಕಿ ಎಳೆದು 30 ಸೆಕೆಂಡ್ ಹಿಡಿಯುವುದು, ನಾಲ್ಕು ಸಲ, ಬೆಳಿಗ್ಗೆ ಸಂಜೆ. ಆರನೇ ವಾರದಲ್ಲಿ ಹೆಬ್ಬೆರಳು ಚೂರು ಅಲ್ಲಾಡ್ತು. ಆಗ ಮಗ್ಗುಲಾಗಿ ಮಲಗಿಸಿ, ಪಾದ ಹಾಸಿಗೆ ಮೇಲೆ ಜಾರುವ ಹಾಗೆ ಇಟ್ಟು ಎಳೆಯಲಿಕ್ಕೆ ಹೇಳಿದೆ, ಹೀಗೆ ಮಾಡಿದ್ರೆ ಪಾದದ ಭಾರ ಎತ್ತಬೇಕಿಲ್ಲ. ಜೊತೆಗೆ ಪಾದ ಎತ್ತುವ ಸ್ನಾಯುವಿಗೆ ಮೆಷಿನಲ್ಲಿ ಸಣ್ಣ ಕರೆಂಟ್ ಕೊಟ್ಟೆ, ಅದರಿಂದ ನರ ಬೇಗ ಬೆಳೀತದೆ ಅಂತ ನಾನು ಯಾರಿಗೂ ಹೇಳುವುದಿಲ್ಲ, ಯಾವ ಸ್ನಾಯು ಎಳೀಬೇಕು ಅಂತ ಅವರಿಗೆ ಗೊತ್ತಾಗ್ಲಿಕ್ಕೆ ಸಹಾಯ ಆಗ್ತದೆ. ಆಮೇಲೆ ಕುರ್ಚಿಯಲ್ಲಿ ಕೂತು ಹಿಮ್ಮಡಿ ನೆಲದಲ್ಲೇ ಇಟ್ಟು ಪಾದ ಎತ್ತುವುದು, ಹತ್ತತ್ತು ಸಲ. ಪಾದ ಬರುವ ಬದಲು ಬೆರಳು ಮಾತ್ರ ಮೇಲೆ ಬರ್ಲಿಕ್ಕೆ ಶುರುವಾದ್ರೆ ಸುಸ್ತಾಗಿದೆ ಅಂತ ಅರ್ಥ, ಅಲ್ಲಿಗೆ ನಿಲ್ಲಿಸಿ. ರಬ್ಬರ್ ಬ್ಯಾಂಡ್ ಕಟ್ಟಿ ಎಳೆಯುವುದು ಕೊನೆಗೆ.

ಬ್ರೇಸ್ ಬಿಡುವಾಗ ಮೊದಲು ಮನೆಯೊಳಗೆ, ರಸ್ತೆಯಲ್ಲಿ ಕೊನೆಗೆ. ಬೆಳಿಗ್ಗೆ ಸರಿ ನಡೆದವರು ಸಂಜೆ ಎಡವ್ತಾರೆ, ಹಾಗಾಗಿ ನಾನು ಸಂಜೆಯ ನಡಿಗೆ ನೋಡಿಯೇ ಬಿಡಿಸುವುದು. ನಾಲ್ಕನೇ ತಿಂಗಳಿಗೆ ಇವರು ಕೆಲಸಕ್ಕೆ ಹೋದ್ರು, ಈಗ ಸಣ್ಣ ಮಣೆ ಹಾಕಿ ಕೂತ್ಕೊಳ್ತಾರೆ, ನಡುನಡುವೆ ಎದ್ದು ನಿಲ್ತಾರೆ.

ಎಲ್ಲರಿಗೂ ಹೀಗೆ ಬರುವುದಿಲ್ಲ. ಮೂರು ನಾಲ್ಕು ತಿಂಗಳಾದ್ರೂ ಬೆರಳು ಸ್ವಲ್ಪವೂ ಅಲ್ಲಾಡದೆ, ನರದ ಟೆಸ್ಟಲ್ಲೂ ನರ ವಾಪಸ್ ಬರುವ ಲಕ್ಷಣ ಕಾಣದಿದ್ರೆ ವ್ಯಾಯಾಮ ಮಾಡ್ತಾ ಕೂರದೆ ನರದ ಸರ್ಜನ್ ಹತ್ರ ಹೋಗಿ. ನರ ರಿಪೇರಿ ಆಗದಿದ್ರೆ, ನಾನು ಮೊದಲು ಪರೀಕ್ಷೆ ಮಾಡಿದ ಆ ಒಳಗೆ ತಿರುಗಿಸುವ ಸ್ನಾಯು ಗಟ್ಟಿ ಉಂಟಲ್ಲ, ಅದರ ಸ್ನಾಯುರಜ್ಜುವನ್ನೇ ಪಾದದ ಮೇಲ್ಭಾಗಕ್ಕೆ ತಂದು ಜೋಡಿಸುವ ಆಪರೇಷನ್ ಉಂಟು, ಆಮೇಲೆ ಒಳಗೆ ಎಳೀತಿದ್ದ ಸ್ನಾಯುವಿಗೆ ಮೇಲೆ ಎಳೆಯಲಿಕ್ಕೆ ಕಲಿಸುವ ಕೆಲಸ ನಮ್ಮದು.