ಓದುಗರ ಪ್ರಶ್ನೆ: ಸ್ವಲ್ಪ ಹತ್ತಿರ ನಿಂತು ಜೂಮ್ ಸರಿಮಾಡಿಕೊಂಡರೆ ಸಾಲದೇ?

ಪ್ರಶ್ನೆ: ಅಜ್ಜನ ಕಾಲದ ಹೆಂಚಿನ ಮನೆ ಹಾಳುಬಿದ್ದಿತ್ತು. ಕೆಲಸ ಶುರು ಮಾಡುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟಿದ್ದೆವು. ಈಗ ಮನೆ ಎದ್ದು ನಿಂತಿದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬೇರೆ ಬೇರೆ ಮನೆಯ ಹಾಗೆ ಕಾಣುತ್ತದೆ. ಎಲ್ಲಿ ನಿಂತು ತೆಗೆದದ್ದೆಂದು ನೆನಪಿಲ್ಲ. ಸುಮಾರಾಗಿ ಅದೇ ಕಡೆ ನಿಂತು, ಜೂಮ್ ಮಾಡಿ ಅಳತೆ ಕೂಡಿಸಿದರೆ ಆಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಈ ಪ್ರಶ್ನೆ ಎಷ್ಟನೇ ಸಲ ಬಂತೋ ಲೆಕ್ಕ ತಪ್ಪಿದೆ. ಆದ್ದರಿಂದ ಈ ಸಲ ಅಳತೆ ಹಿಡಿದೇ ಹೇಳುತ್ತೇನೆ.

ನಿಮ್ಮದು ಜಗಲಿ ಇರುವ ಮನೆ ಅಂದುಕೊಳ್ಳೋಣ. ಜಗಲಿಯ ಅಂಚಿನಲ್ಲಿ ಎಂಟಡಿಯ ಕಂಬಗಳು. ಅವುಗಳಿಂದ ಆರಡಿ ಹಿಂದೆ ಗೋಡೆ, ಗೋಡೆಯಲ್ಲಿ ಆರಡಿ ಎತ್ತರದ ದಾರಂದ. ಹಳೆಯ ಫೋಟೋ ತೆಗೆದವರು ಕಂಬದಿಂದ 30 ಅಡಿ ದೂರ ನಿಂತಿದ್ದರು. ಫೋಟೋದಲ್ಲಿ ಕಂಬ 10 ಸೆಂಟಿಮೀಟರ್ ಬರುವ ಹಾಗೆ ಪ್ರಿಂಟ್ ಹಾಕಿಸಿದರೆ, 36 ಅಡಿ ದೂರದ ದಾರಂದ 6.25 ಸೆಂಟಿಮೀಟರ್ ಬರುತ್ತದೆ. ಈಗ ಅಂಗಳದಲ್ಲಿ ಹೊಸದಾಗಿ ಹೂವಿನ ಕಟ್ಟೆ ಕಟ್ಟಿದ್ದೀರಿ, ಹಿಂದೆ ಸರಿಯಲು ಜಾಗವಿಲ್ಲ, ಹಾಗಾಗಿ 15 ಅಡಿಯಲ್ಲೇ ನಿಂತು ಅಗಲದ ಲೆನ್ಸ್ ಹಾಕಿ ತೆಗೆದಿರಿ. ಕಂಬವನ್ನು ಮತ್ತೆ 10 ಸೆಂಟಿಮೀಟರಿಗೇ ಕೂಡಿಸಿ ನೋಡಿ. ದಾರಂದ 5.36ಕ್ಕೆ ಕುಗ್ಗಿರುತ್ತದೆ. ಒಂಬತ್ತು ಮಿಲಿಮೀಟರ್ ವ್ಯತ್ಯಾಸ. ಜೂಮನ್ನು ಹೆಚ್ಚಿಸಿ ದಾರಂದ ಸರಿಮಾಡಿದರೆ ಕಂಬ ಉದ್ದವಾಯಿತು. ಕಂಬ ಸರಿಮಾಡಿದರೆ ದಾರಂದ ಗಿಡ್ಡವಾಯಿತು. ರಾತ್ರಿಯಿಡೀ ಎಳೆದಾಡಿದರೂ ಎರಡೂ ಒಟ್ಟಿಗೆ ಕೂಡುವುದಿಲ್ಲ.

ಕಾರಣ ಇಷ್ಟೇ. 30 ಅಡಿಯಿಂದ ನೋಡಿದಾಗ ಗೋಡೆ ಕಂಬಕ್ಕಿಂತ ಐದನೇ ಒಂದು ಪಾಲು ಮಾತ್ರ ಹೆಚ್ಚು ದೂರ. 15 ಅಡಿಗೆ ಬಂದರೆ ಅದೇ ಆರಡಿ ಐದನೇ ಎರಡು ಪಾಲಾಗುತ್ತದೆ. ಮುಂದಿನ ವಸ್ತು, ಹಿಂದಿನ ವಸ್ತು ಒಂದಕ್ಕೊಂದು ಎಷ್ಟು ದೊಡ್ಡದಾಗಿ ಕಾಣಬೇಕು, ಯಾವುದು ಯಾವುದನ್ನು ಮರೆಮಾಡಬೇಕು ಎಂಬುದನ್ನೆಲ್ಲ ನಿಂತ ಜಾಗ ತೀರ್ಮಾನಿಸುತ್ತದೆ. ಜೂಮ್ ಆ ಚಿತ್ರದಿಂದ ಎಷ್ಟು ಭಾಗ ಕತ್ತರಿಸಬೇಕೆಂದು ಮಾತ್ರ ಹೇಳುತ್ತದೆ. ‘ಅಗಲದ ಲೆನ್ಸ್ ದೂರವನ್ನು ಹಿಗ್ಗಿಸುತ್ತದೆ, ಜೂಮ್ ಲೆನ್ಸ್ ಕುಗ್ಗಿಸುತ್ತದೆ’ ಎಂದು ಕ್ಯಾಮೆರಾ ಅಂಗಡಿಯವರೂ ಹೇಳುತ್ತಾರೆ, ಮದುವೆ ಫೋಟೋ ತೆಗೆಯುವವರೂ ಹೇಳುತ್ತಾರೆ. ಲೆನ್ಸ್ ಅದನ್ನು ಮಾಡುವುದಿಲ್ಲ. ಅಗಲದ ಲೆನ್ಸ್ ಹಾಕಿದವರು ಹತ್ತಿರ ಹೋಗುತ್ತಾರೆ, ಉದ್ದದ ಲೆನ್ಸ್ ಹಾಕಿದವರು ಹಿಂದೆ ಸರಿಯುತ್ತಾರೆ. ಬದಲಾವಣೆ ಮಾಡಿದ್ದು ಕಾಲು, ಹೆಸರು ಬಂದದ್ದು ಲೆನ್ಸಿಗೆ.

ನಂಬಿಕೆ ಬಾರದಿದ್ದರೆ ಅಂಗಳದಲ್ಲಿ ಒಂದೇ ಕಡೆ ನಿಂತು, ಕಾಲು ಅಲುಗಿಸದೆ, ಮೊಬೈಲಿನ 1x ಮತ್ತು 3x ಎರಡರಲ್ಲೂ ಮನೆಯ ಫೋಟೋ ತೆಗೆಯಿರಿ. 1x ಚಿತ್ರದ ನಡುವಿನ ಭಾಗವನ್ನು ಕತ್ತರಿಸಿ ದೊಡ್ಡದು ಮಾಡಿ 3x ಪಕ್ಕ ಇಡಿ. ಸ್ವಲ್ಪ ಮಸುಕಾಗಿರುತ್ತದೆ, ಅಷ್ಟೇ. ಕಂಬದ ಹಿಂದೆ ಕಿಟಕಿ ಎಷ್ಟು ಇಣುಕಬೇಕೋ ಎರಡರಲ್ಲೂ ಅಷ್ಟೇ ಇಣುಕುತ್ತಿರುತ್ತದೆ.

ಇನ್ನೊಂದು ವಾದವೂ ಬರುತ್ತದೆ: ‘ಸಾಫ್ಟ್‌ವೇರಿನಲ್ಲಿ ನಾಲ್ಕು ಮೂಲೆ ಹಿಡಿದು ಎಳೆದರೆ ಕೂಡುತ್ತದಲ್ಲ?’ ಕೂಡುತ್ತದೆ, ಒಂದು ಗೋಡೆ ಮಾತ್ರ. ಜಿಂಪ್‌ನಂಥ ಸಾಫ್ಟ್‌ವೇರಿನ ಪರ್ಸ್‌ಪೆಕ್ಟಿವ್ ಟೂಲ್ ಒಂದು ಸಮತಟ್ಟಾದ ಮೈಯನ್ನು ಎಳೆದು ಕೂರಿಸುತ್ತದೆ. ಕಂಬಗಳ ಸಾಲನ್ನು ಅದರಿಂದ ಕೂರಿಸಿದರೆ ಹಿಂದಿನ ಗೋಡೆ ಜಾರಿರುತ್ತದೆ. ಹಳೆಯ ಜಾಗದಲ್ಲೇ ನಿಂತಿದ್ದು, ಮೊಬೈಲ್ ಮಾತ್ರ ತುಸು ಮೇಲಕ್ಕೋ ಪಕ್ಕಕ್ಕೋ ವಾಲಿದ್ದರೆ ಆಗ ಇದೇ ಟೂಲ್ ಎಲ್ಲವನ್ನೂ ಒಟ್ಟಿಗೆ ಸರಿಮಾಡುತ್ತದೆ. ವಾಲಿದ್ದನ್ನು ಆಮೇಲೆ ತಿದ್ದಬಹುದು, ನಿಂತ ಜಾಗವನ್ನು ತಿದ್ದಲಾಗದು.

ಹಾಗಾದರೆ ಆ ಜಾಗ ಹುಡುಕುವುದು ಹೇಗೆ? ಫೋಟೋದ ಫೈಲಿನಲ್ಲಿ ಜಿಪಿಎಸ್ ಇದೆಯಲ್ಲ ಎನ್ನಬೇಡಿ. ಅದು ಕೆಲವು ಮೀಟರ್ ಆಚೀಚೆ ತೋರಿಸುತ್ತದೆ, ನಮಗೆ ಬೇಕಾದದ್ದು ಇಂಚಿನ ಲೆಕ್ಕ. ಮೇಲಾಗಿ ವಾಟ್ಸಾಪಿನಲ್ಲಿ ಫೋಟೋ ಆಗಿಯೇ ಕಳಿಸಿದ್ದರೆ ಅದೂ ಅಳಿಸಿಹೋಗಿರುತ್ತದೆ. ಮೇಸ್ತ್ರಿಯ ನೂಲು ಇದಕ್ಕಿಂತ ವಾಸಿ.

ಹಳೆಯ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಎಡಗಡೆಯ ಕಂಬದ ಅಂಚು ಹಿಂದಿನ ಗೋಡೆಯ ಯಾವ ಗುರುತಿನ ಮೇಲೆ ಬಿದ್ದಿದೆ ನೋಡಿ. ದಾರಂದದ ಬಲ ಅಂಚಿನಿಂದ ಎರಡಿಂಚು ಆಚೆ ಅಂದುಕೊಳ್ಳಿ. ಮನೆಯಲ್ಲಿ ಗೋಡೆಯ ಅದೇ ಜಾಗದಲ್ಲಿ ನೂಲಿನ ಒಂದು ತುದಿ ಹಿಡಿದು, ಕಂಬದ ಅದೇ ಅಂಚನ್ನು ತಾಗಿಸಿ ಅಂಗಳದತ್ತ ಬಿಗಿಯಾಗಿ ಎಳೆಯಿರಿ. ಫೋಟೋ ತೆಗೆದವರು ಈ ಗೆರೆಯ ಮೇಲೆ ಎಲ್ಲೋ ನಿಂತಿದ್ದರು. ಬಲಗಡೆಯ ಕಂಬಕ್ಕೂ ಹೀಗೇ ಇನ್ನೊಂದು ನೂಲು. ಎರಡು ನೂಲು ಎಲ್ಲಿ ಹಾಯುತ್ತವೋ ಅಲ್ಲಿಂದ ತೂಗುಗುಂಡು ಇಳಿಸಿ ಗೂಟ ಹೊಡೆಯಿರಿ. ಕ್ಯಾಮೆರಾ ಇದ್ದದ್ದು ಅದರ ನೇರಕ್ಕೆ.

ಇದು ಎಷ್ಟು ಸೂಕ್ಷ್ಮ ಅಂದರೆ, ಮೇಲಿನ ಅಳತೆಯ ಮನೆಯಲ್ಲಿ ನೀವು ಒಂದಡಿ ಪಕ್ಕಕ್ಕೆ ಸರಿದರೆ ಕಂಬದ ಅಂಚು ಗೋಡೆಯ ಮೇಲೆ ಸುಮಾರು ಎರಡೂವರೆ ಇಂಚು ಎದುರು ದಿಕ್ಕಿಗೆ ಸರಿಯುತ್ತದೆ. ಫೋಟೋದಲ್ಲಿ ಅರ್ಧ ಇಂಚಿನ ತನಕ ಗುರುತಿಸಲಾದರೆ ನಿಮ್ಮ ಜಾಗ ಪಕ್ಕಕ್ಕೆ ಎರಡೂವರೆ ಇಂಚಿನೊಳಗೆ ಸಿಕ್ಕಿತು. ಹಿಂದೆಮುಂದೆ ಅಷ್ಟು ಖಚಿತವಲ್ಲ: 20 ಅಡಿ ಅಂತರದ ಕಂಬಗಳಾದರೆ ಎಂಟಿಂಚಿನ ತನಕ ಹೋಗಬಹುದು. ಅಕ್ಕಪಕ್ಕದ ಎರಡು ಕಂಬ ಆರಿಸಿಕೊಂಡರಂತೂ ನೂಲುಗಳು ತೀರಾ ಚೂಪಾಗಿ ಹಾಯ್ದು, ಸಂಧಿಸುವ ಜಾಗ ಗಜಗಟ್ಟಲೆ ಜಾರುತ್ತದೆ. ಆದಷ್ಟು ದೂರದೂರದ ಕಂಬಗಳನ್ನೇ ಹಿಡಿಯಿರಿ.

ಹೆಚ್ಚಿನವರು ಸೋಲುವುದು ಗುರುತು ಆರಿಸುವಲ್ಲಿ. 1856ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಗ್ರೀನ್‌ಲಾ ಹಂಪಿಯಲ್ಲಿ ತೆಗೆದ ಫೋಟೋಗಳ ಜಾಗಗಳನ್ನೇ ಹುಡುಕಿ 1983ರಲ್ಲಿ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗೋಲಿಂಗ್ಸ್ ಮತ್ತೆ ತೆಗೆದರು. ಅಲ್ಲಿ ಕಲ್ಲಿನ ಕಂಬ, ಹಿಂದೆ ಬಂಡೆಗುಡ್ಡ ಇದ್ದವು. ಆದರೂ ವಿಠ್ಠಲ ದೇವಸ್ಥಾನದ ಕಲ್ಲಿನ ರಥದ ಮೇಲೆ ಹಳೆಯ ಫೋಟೋದಲ್ಲಿ ಇಟ್ಟಿಗೆಯ ಶಿಖರ ಕಾಣುತ್ತದೆ, ಈಗ ಅದಿಲ್ಲ. ನಿಮ್ಮ ಮನೆಯಲ್ಲಿ ಬದಲಾದದ್ದು ಇನ್ನೂ ಹೆಚ್ಚು. ಮಾಡು ಕುಸಿದಿತ್ತು, ಹೊಸ ಪಕಾಸು, ಹೊಸ ರೀಪು ಹಾಕಿ ನೆಟ್ಟಗೆ ಮಾಡಿದ್ದೀರಿ, ಆದ್ದರಿಂದ ಸೂರಿನ ಗೆರೆ ಲೆಕ್ಕಕ್ಕಿಲ್ಲ. ವಾಲಿದ್ದ ಕಂಬವನ್ನು ಗುಂಡು ಹಿಡಿದು ನಿಲ್ಲಿಸಿದ್ದೀರಿ, ಹಾಗಾಗಿ ಅದರ ತಲೆಯೂ ಬೇಡ. ಅಲುಗದ ಬುಡದ ಕಲ್ಲು, ತೆಗೆಯದೆ ಉಳಿಸಿಕೊಂಡ ದಾರಂದ, ಮೆಟ್ಟಿಲ ಕಲ್ಲು ನಂಬಿಕೆಗೆ ಅರ್ಹ. ಹೊಸ ಕಂಬ ಹಳೆಯದಕ್ಕಿಂತ ದಪ್ಪವಾಗಿದ್ದರೆ ಅಂಚಿನ ಬದಲು ನಡುಗೆರೆ ಹಿಡಿಯಿರಿ. ಮಾವಿನ ಮರದ ಕಾಂಡ ವರ್ಷ ವರ್ಷ ದಪ್ಪವಾಗುತ್ತದೆ, ಅದನ್ನು ಗುರುತಾಗಿ ಇಟ್ಟುಕೊಳ್ಳಬೇಡಿ. ಬೆಳೆದ ತೆಂಗಿನ ಬುಡ ಅಷ್ಟು ಬದಲಾಗುವುದಿಲ್ಲ.

ಇನ್ನು ಎತ್ತರ. ‘ನನ್ನ ಕಣ್ಣಿನ ಮಟ್ಟದಲ್ಲೇ ತೆಗೆದದ್ದು’ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆಗ ಅಂಗಳದಲ್ಲಿ ಬಿದ್ದ ಹೆಂಚು, ಮಣ್ಣು, ಕಲ್ಲು ಒಂದಡಿ ತುಂಬಿತ್ತು. ಈಗ ಅದನ್ನೆಲ್ಲ ಬಾಚಿ ತೆಗೆದಿದ್ದೀರಿ. ಅದೇ ಮನುಷ್ಯ ಅದೇ ಮೊಬೈಲ್ ಹಿಡಿದರೂ ಕ್ಯಾಮೆರಾ ಒಂದಡಿ ಕೆಳಗಾಯಿತು. ಆದ್ದರಿಂದ ಎತ್ತರವನ್ನು ನೆಲದಿಂದ ಅಳೆಯಬಾರದು, ಜಗಲಿಯ ನೆಲದಿಂದ ಅಳೆಯಬೇಕು.

ಅದನ್ನು ಫೋಟೋವೇ ಹೇಳುತ್ತದೆ. ತುಸು ಓರೆಯಾಗಿ ತೆಗೆದ ಚಿತ್ರವಾದರೆ, ಗಾರೆ ಉದುರಿದ ಗೋಡೆಯಲ್ಲಿ ಮುರಕಲ್ಲಿನ ಸಾಲುಗಳನ್ನು ನೋಡಿ. ಮೇಲಿನ ಸಾಲುಗಳು ದೂರ ಹೋದಂತೆ ಇಳಿಯುತ್ತವೆ, ಕೆಳಗಿನವು ಏರುತ್ತವೆ. ನಡುವೆ ಒಂದು ಸಂದು ಮಾತ್ರ ಮಟ್ಟಗೋಲು ಇಟ್ಟಂತೆ ಅಡ್ಡಕ್ಕೆ ನೇರವಾಗಿರುತ್ತದೆ. ಕ್ಯಾಮೆರಾ ಇದ್ದ ಎತ್ತರ ಅದೇ. ಜಗಲಿಯ ನೆಲದಿಂದ ನಾಲ್ಕನೆಯ ಸಾಲಿನ ಮೇಲಂಚು, ಒಂದು ಸಾಲು ಒಂಬತ್ತಿಂಚು ಎಂದಾದರೆ ಮೂರಡಿ. ಈಗಿನ ಅಂಗಳದಿಂದ ಜಗಲಿ ಎರಡೂವರೆ ಅಡಿ ಎತ್ತರವಿದ್ದರೆ ಮೊಬೈಲ್ ಐದೂವರೆ ಅಡಿಯಲ್ಲಿರಬೇಕು. ಮೊಬೈಲನ್ನು ಪಕ್ಕಕ್ಕೆ ವಾಲಿಸಿ ತೆಗೆದ ಫೋಟೋದಲ್ಲಿ ಈ ಉಪಾಯ ನಡೆಯದು, ಮೊದಲು ದಾರಂದವನ್ನು ನೆಟ್ಟಗೆ ತಿರುಗಿಸಿಕೊಳ್ಳಬೇಕು. ಮತ್ತೆ, ಒಮ್ಮೆ ಗಾರೆ ಬಳಿದ ಮೇಲೆ ಸಾಲು ಎಣಿಸಲು ಸಿಗುವುದಿಲ್ಲ. ಕೆಲಸ ಇನ್ನೂ ನಡೆಯುತ್ತಿರುವವರು ಇವತ್ತೇ ಅಳೆದು ಬರೆದಿಟ್ಟುಕೊಳ್ಳಿ.

ಗೂಟದ ನೇರಕ್ಕೆ, ಆ ಎತ್ತರಕ್ಕೆ ಸ್ಟ್ಯಾಂಡ್ ಇಟ್ಟು, ಬೇಕಾದದ್ದಕ್ಕಿಂತ ತುಸು ಅಗಲವಾಗಿಯೇ ತೆಗೆದು ಆಮೇಲೆ ಕತ್ತರಿಸಿ. ಎದುರು ಹೂವಿನ ಕಟ್ಟೆ ಬಂದಿದ್ದರೆ ಅದರ ಮೇಲೇ ಹತ್ತಿ ನಿಲ್ಲಿ. ಕಂಬಕ್ಕೂ ದಾರಂದಕ್ಕೂ ಸ್ಕೇಲ್ ಇಟ್ಟು ನೋಡಿ, 10ಕ್ಕೆ 6.25 ಬಂದರೆ ಮುಗಿಯಿತು. ದಾರಂದ ಸಣ್ಣದಾಗಿದ್ದರೆ ಹಿಂದೆ ಸರಿಯಿರಿ, ದೊಡ್ಡದಾಗಿದ್ದರೆ ಮುಂದೆ ಬನ್ನಿ.

ನೀವು ಕೇಳದೆ ಬಿಟ್ಟ ಒಂದು ಪ್ರಶ್ನೆ ಇದೆ, ಬಿಸಿಲಿನದು. ಹಾಳುಮನೆಯನ್ನು ಮೋಡದ ದಿನ ತೆಗೆದು, ದುರಸ್ತಿಯಾದದ್ದನ್ನು ಸಂಜೆಯ ಹೊಂಬಿಸಿಲಿನಲ್ಲಿ ತೆಗೆದರೆ ಅರ್ಧ ಕೆಲಸವನ್ನು ಮೇಸ್ತ್ರಿಯ ಬದಲು ಸೂರ್ಯನೇ ಮಾಡಿದ ಹಾಗೆ. ಓರೆ ಬಿಸಿಲಿನಲ್ಲಿ ಗಾರೆಯ ಪ್ರತಿ ಉಬ್ಬುತಗ್ಗೂ ಎದ್ದು ಕಾಣುತ್ತದೆ, ಮೋಡದಲ್ಲಿ ಎಲ್ಲ ನುಣ್ಣಗೆ. ಹಳೆಯ ಫೋಟೋದಲ್ಲಿ ಬಿಸಿಲಿದ್ದರೆ ಕಂಬದ ನೆರಳು ಜಗಲಿಯ ಮೇಲೆ ಎಲ್ಲಿ ಬಿದ್ದಿದೆಯೋ ಅಲ್ಲೇ ಬೀಳಬೇಕು, ಅದಕ್ಕೆ ದಿನವೂ ಹೊತ್ತೂ ಎರಡೂ ಕೂಡಬೇಕು. ಬಡಗಣ ಮುಖದ ಮನೆಗಂತೂ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ನಮ್ಮಲ್ಲಿ ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ತನಕ ಬೆಳಗ್ಗೆ, ಸಂಜೆ ಆ ಗೋಡೆಗೆ ಓರೆ ಬಿಸಿಲು ತಾಗುತ್ತದೆ. ಡಿಸೆಂಬರಿನಲ್ಲಿ ಸೂರ್ಯ ದಿನವಿಡೀ ತೆಂಕಣದಲ್ಲೇ ಇರುತ್ತಾನೆ, ಗೋಡೆ ನೆರಳಲ್ಲೇ.

ವರ್ಷಕ್ಕೆ ಎರಡು ಸಲ ಸೂರ್ಯ ಅದೇ ಹಾದಿಯಲ್ಲಿ ಬರುತ್ತಾನೆ, ಜೂನ್ 21ರಿಂದ ಹಿಂದೆ ಎಷ್ಟು ದಿನವೋ ಮುಂದೆ ಅಷ್ಟೇ ದಿನಕ್ಕೆ. ಮೇ 10ರ ಫೋಟೋಗೆ ಜೋಡಿ ಆಗಸ್ಟ್ 2, ಗಡಿಯಾರದಲ್ಲಿ ಹತ್ತು ನಿಮಿಷ ತಡವಾಗಿ. ಆಗಸ್ಟ್ 2ರಂದು ಕರಾವಳಿಯಲ್ಲೋ ಮಲೆನಾಡಿನಲ್ಲೋ ಬಿಸಿಲಿಗೆ ಕಾಯುವವರಿಗೆ ಹೇಳುವುದೇನೂ ಇಲ್ಲ, ಗೂಟ ಕೀಳದೆ ಮುಂದಿನ ಮೇ ತನಕ ಬಿಡಿ.